ಒಂದೇ ಗೆರೆ ಬಂದರೆ ಪಾರ್ವೋ ಇಲ್ಲವೆಂದೇ?

ಪಾರ್ವೋ ಕಿಟ್ ಎಂದರೆ ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ. ಹತ್ತಿ ಸುತ್ತಿದ ಕಡ್ಡಿಯನ್ನು ನಾಯಿಮರಿಯ ಗುದದ್ವಾರದಲ್ಲಿ ಆಡಿಸಿ, ಕಿಟ್ ಜೊತೆ ಬಂದ ದ್ರಾವಣದಲ್ಲಿ ಅದ್ದಿ ಕಲಕಿ, ಆ ದ್ರಾವಣದ ಮೂರ್ನಾಲ್ಕು ಹನಿಗಳನ್ನು ಪಟ್ಟಿಯ ಕುಳಿಗೆ ಬಿಟ್ಟರೆ ಐದ್ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ‘ಸಿ’ ಅಕ್ಷರದೆದುರು ಗೆರೆ ಮೂಡಿದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ. ‘ಟಿ’ ಎದುರಿಗೂ ಇನ್ನೊಂದು ಗೆರೆ ಮೂಡಿದರೆ ಪಾರ್ವೋ. ಒಂದೇ ಗೆರೆ ಮೂಡಿ ನಿಂತರೆ ಮರಿಯ ಯಜಮಾನರ ಮುಖ ಅರಳುತ್ತದೆ. ‘ಡಾಕ್ಟ್ರೇ, ನೆಗೆಟಿವ್ ಬಂತಲ್ಲ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡಿ’ ಎನ್ನುತ್ತಾರೆ. ಪಾರ್ವೋದಿಂದ ಸಾಯುವ ಎಷ್ಟೋ ಮರಿಗಳು ಕೈತಪ್ಪುವುದು ಈ ಗಳಿಗೆಯಲ್ಲೇ.

ಕಿಟ್ ಸುಳ್ಳು ಹೇಳುತ್ತದೆ ಎಂದಲ್ಲ. ವಾಂತಿ-ಭೇದಿಯಾಗುತ್ತಿರುವ ಮರಿಯಲ್ಲಿ ಅದು ‘ಇದೆ’ ಎಂದರೆ ಹೆಚ್ಚುಕಡಿಮೆ ಯಾವಾಗಲೂ ನಂಬಬಹುದು. ‘ಇಲ್ಲ’ ಎಂದಾಗ ಮಾತ್ರ ಅಷ್ಟೇ ವಿಶ್ವಾಸ ಇಡುವಂತಿಲ್ಲ. ಏಕೆಂದು ತಿಳಿಯಬೇಕಾದರೆ ವೈರಸ್ಸು ಮರಿಯ ಹೊಟ್ಟೆಯಲ್ಲಿ ಮಾಡುವ ಕೆಲಸವನ್ನು ನೋಡಬೇಕು.

ನಾಯಿಗಳ ಪಾರ್ವೋ ಹಳೆಯ ರೋಗವೇನಲ್ಲ. 1978ರ ಸುಮಾರಿಗೆ ಏಕಾಏಕಿ ಕಾಣಿಸಿಕೊಂಡು, ಒಂದೆರಡು ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಬೆಕ್ಕುಗಳ ಇಂಥದ್ದೇ ಒಂದು ವೈರಸ್ಸಿಗೆ ಇದು ಹತ್ತಿರದ ನೆಂಟ. ಗಾತ್ರದಲ್ಲಿ ತೀರಾ ಚಿಕ್ಕದು. ತನ್ನ ಪ್ರತಿಗಳನ್ನು ತಾನೇ ಮಾಡಿಕೊಳ್ಳುವ ಸಲಕರಣೆ ಇದಕ್ಕಿಲ್ಲ, ಹಾಗಾಗಿ ವಿಭಜನೆಯಾಗುತ್ತಿರುವ ಜೀವಕೋಶವೇ ಆಗಬೇಕು. ಮರಿಯ ಮೈಯಲ್ಲಿ ಅತಿ ವೇಗವಾಗಿ ಕೋಶಗಳು ಹುಟ್ಟುವ ಜಾಗಗಳೆಂದರೆ ಕರುಳಿನ ಒಳಪದರದ ಬುಡ, ಮೂಳೆಯೊಳಗಿನ ಮಜ್ಜೆ, ದುಗ್ಧಗ್ರಂಥಿಗಳು. ಬಾಯಿಯಿಂದಲೋ ಮೂಗಿನಿಂದಲೋ ಒಳಹೊಕ್ಕ ವೈರಸ್ಸು ಮೊದಲು ಗಂಟಲಿನ ಗ್ರಂಥಿಗಳಲ್ಲಿ ಬೆಳೆದು, ರಕ್ತ ಸೇರಿ, ಅಲ್ಲಿಂದ ಈ ಜಾಗಗಳಿಗೆ ಹೋಗುತ್ತದೆ. ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ, ಮರಿ ಮಂಕಾಗುತ್ತದೆ.

ಕರುಳಿನ ಗೋಡೆಯ ಮೇಲೆ ಆಹಾರ ಹೀರುವ ಎಳೆಗಳಿವೆ. ಅವುಗಳ ಮೇಲ್ಪದರ ದಿನವೂ ಸವೆದು ಉದುರುತ್ತದೆ, ಬುಡದ ಗುಳಿಗಳಲ್ಲಿ ಹುಟ್ಟಿದ ಹೊಸ ಕೋಶಗಳು ಮೇಲೇರಿ ಆ ಜಾಗ ತುಂಬುತ್ತವೆ. ಗದ್ದೆ ಮತ್ತು ಸಸಿಮಡಿಯ ಸಂಬಂಧ ಇದು. ಪಾರ್ವೋ ಗದ್ದೆಯನ್ನು ಮುಟ್ಟುವುದಿಲ್ಲ, ಸಸಿಮಡಿಯನ್ನು ಹಾಳುಮಾಡುತ್ತದೆ. ಅದಕ್ಕೇ ಒಂದೆರಡು ದಿನ ಹೊರಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಉದುರಿದ ಪದರಕ್ಕೆ ಬದಲಿ ಬರದೆ ಕರುಳು ಬೋಳಾಗುತ್ತದೆ. ನೀರು, ಲವಣ, ರಕ್ತ, ಪ್ರೋಟೀನು ಎಲ್ಲವೂ ಒಳಗಿನಿಂದ ಹೊರಕ್ಕೆ ಸೋರುತ್ತವೆ, ಕರುಳಿನಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ಅದೇ ದಾರಿಯಲ್ಲಿ ಒಳಗಿನ ರಕ್ತಕ್ಕೆ ನುಗ್ಗುತ್ತವೆ. ಮರಿಯನ್ನು ಕೊಲ್ಲುವುದು ಬಹುಪಾಲು ಈ ಎರಡು: ನೀರಿನ ನಷ್ಟ ಮತ್ತು ರಕ್ತ ಸೇರಿದ ಬ್ಯಾಕ್ಟೀರಿಯಾ.

ಈಗ ಕಿಟ್ಟಿಗೆ ಬರೋಣ. ಅದು ಹುಡುಕುವುದು ಮಲದಲ್ಲಿರುವ ವೈರಸ್ಸಿನ ಹೊರಕವಚದ ಪ್ರೋಟೀನನ್ನು. ಕಣ್ಣಿಗೆ ಕಾಣುವಷ್ಟು ಬಣ್ಣದ ಗೆರೆ ಮೂಡಬೇಕಾದರೆ ವೈರಸ್ಸು ರಾಶಿರಾಶಿಯಾಗಿ ಇರಬೇಕು. ಕಾಯಿಲೆಯ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಹಾಗೆ ಇರುತ್ತದೆ ಕೂಡ. ಆದರೆ ಮಲದಲ್ಲಿ ವೈರಸ್ಸು ಒಂದೇ ಸಮನೆ ಬೀಳುವುದಿಲ್ಲ, ಒಂದು ಹೊತ್ತು ಹೆಚ್ಚು, ಇನ್ನೊಂದು ಹೊತ್ತು ಕಡಿಮೆ. ಭೇದಿ ಬರೀ ನೀರಾದಾಗ ಇರುವಷ್ಟು ವೈರಸ್ಸೂ ಕದಡಿ ತೆಳುವಾಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಕುತೂಹಲದ್ದು. ರೋಗ ಶುರುವಾಗಿ ನಾಲ್ಕೈದು ದಿನ ಆಗುವ ಹೊತ್ತಿಗೆ ಮರಿಯ ಮೈ ಪ್ರತಿಕಾಯಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಅವು ವೈರಸ್ಸಿನ ಮೈಗೆಲ್ಲ ಅಂಟಿಕೊಂಡರೆ ಕಿಟ್‌ನಲ್ಲಿರುವ ಪ್ರತಿಕಾಯಕ್ಕೆ ಹಿಡಿದುಕೊಳ್ಳಲು ಜಾಗವೇ ಉಳಿಯುವುದಿಲ್ಲ. ಮಲದಲ್ಲಿ ವೈರಸ್ಸು ಇದೆ, ಗೆರೆ ಮಾತ್ರ ಮೂಡದು. ಪಿಸಿಆರ್ ಪರೀಕ್ಷೆ ವೈರಸ್ಸಿನ ಡಿಎನ್‌ಎಯನ್ನೇ ಹಿಡಿಯುವುದರಿಂದ ಬಹಳ ಸೂಕ್ಷ್ಮ. ಅದರ ಜೊತೆ ಹೋಲಿಸಿದ ಅಧ್ಯಯನಗಳಲ್ಲೆಲ್ಲ ಕಿಟ್‌ಗಳು ಒಂದಷ್ಟು ಪಾರ್ವೋ ಮರಿಗಳನ್ನು ಬಿಟ್ಟುಬಿಟ್ಟಿವೆ, ಕೆಲವದರಲ್ಲಿ ಅರ್ಧಕ್ಕೂ ಹೆಚ್ಚು.

ತಿರುಗುಮುರುಗು ತಪ್ಪೂ ಇದೆ. ಪಾರ್ವೋ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸು. ಲಸಿಕೆ ಹಾಕಿದ ಮೇಲೆ ಅದೂ ಕರುಳಿನಲ್ಲಿ ಸ್ವಲ್ಪ ಬೆಳೆದು ಕೆಲ ದಿನ ಮಲದಲ್ಲಿ ಬೀಳುತ್ತದೆ, ಆಗ ಮಸುಕಾದ ಗೆರೆ ಮೂಡಬಹುದು. ಆದರೆ ಲಸಿಕೆ ಹಾಕಿಸಿ ವಾರದೊಳಗೆ ಮರಿಗೆ ರಕ್ತಭೇದಿಯಾಗಿ ಗೆರೆಯೂ ಬಂದರೆ ‘ಅದು ಲಸಿಕೆಯದ್ದು ಬಿಡಿ’ ಎಂದು ಕೈತೊಳೆದುಕೊಳ್ಳುವುದು ದಡ್ಡತನ. ಲಸಿಕೆ ಹಾಕುವ ಹೊತ್ತಿಗೇ ರೋಗ ಒಳಗೆ ಹೊಕ್ಕಿರುವುದು ಅಪರೂಪವಲ್ಲ. ಲಸಿಕೆಯಿಂದ ಮರಿ ನೆಲಹಿಡಿಯುವುದಿಲ್ಲ.

ಹಾಗಾದರೆ ನೆಗೆಟಿವ್ ಬಂದಾಗ ನೋಡಬೇಕಾದ್ದೇನು? ರಕ್ತ. ಒಂದು ಮರಿಯ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಇದು ಯಾರದೋ ಮನೆಯ ನಿರ್ದಿಷ್ಟ ಮರಿಯಲ್ಲ, ಪಶುವೈದ್ಯರೆಲ್ಲ ನೋಡಿರುವಂಥ ಮರಿ. ಎಪ್ಪತ್ತೈದು ದಿನದ ಲ್ಯಾಬ್ರಡಾರ್, ತೂಕ 5 ಕಿಲೋ. ನಲವತ್ತೈದನೆಯ ದಿನಕ್ಕೆ ಮೊದಲ ಲಸಿಕೆ ಆಗಿದೆ, ಎರಡನೆಯದಕ್ಕೆ ‘ಮುಂದಿನ ಭಾನುವಾರ’ ಎಂದು ದಿನ ಮುಂದೆ ಹೋಗಿದೆ. ನಿನ್ನೆ ಊಟ ಬಿಟ್ಟಿತು, ರಾತ್ರಿಯಿಂದ ನೊರೆನೊರೆ ವಾಂತಿ, ಬೆಳಗ್ಗೆಯಿಂದ ಕೆಟ್ಟ ವಾಸನೆಯ ಕೆಂಪು ನೀರಿನಂಥ ಭೇದಿ. ವಸಡು ಪೇಲವ, ಅಂಟಂಟು. ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರೆ ನಿಧಾನಕ್ಕೆ ಕೂರುತ್ತದೆ, ಕಣ್ಣು ಕೊಂಚ ಒಳಗಿಳಿದಿದೆ, ಅಂದರೆ ಮೈತೂಕದ ಸುಮಾರು ಶೇ 8ರಷ್ಟು ನೀರು ಹೋಗಿದೆ. ಕಿಟ್‌ನಲ್ಲಿ ಒಂದೇ ಗೆರೆ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 2,100, ಸಕ್ಕರೆ 58.

ಆರೋಗ್ಯವಂತ ನಾಯಿಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಬಿಳಿ ರಕ್ತಕಣಗಳು ಸುಮಾರು 6,000ದಿಂದ 17,000 ಇರುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಅವು ಏರುವುದು ವಾಡಿಕೆ, ಇಲ್ಲಿ ಪಾತಾಳಕ್ಕಿಳಿದಿವೆ. ಬ್ಯಾಕ್ಟೀರಿಯಾ ತಿನ್ನುವ ನ್ಯೂಟ್ರೊಫಿಲ್ ಕಣಗಳ ಆಯಸ್ಸು ರಕ್ತದಲ್ಲಿ ಕೆಲವೇ ಗಂಟೆಗಳದ್ದು. ದಿನಕ್ಕೆ ಹಲವು ಸಲ ಮಜ್ಜೆಯಿಂದ ಹೊಸ ಸರಬರಾಜು ಆಗುತ್ತಲೇ ಇರಬೇಕು. ಪಾರ್ವೋ ಮಜ್ಜೆಯಲ್ಲಿ ಆ ಕಣಗಳ ಮೂಲಕೋಶಗಳನ್ನೇ ಕೊಂದಿರುತ್ತದೆ. ಇದ್ದಬದ್ದ ಕಣಗಳೆಲ್ಲ ಹರಿದ ಕರುಳಿನ ಕಡೆಗೆ ಓಡಿ ಅಲ್ಲೇ ಮುಗಿಯುತ್ತವೆ. ಲಿಂಫೊಸೈಟ್‌ಗಳು ದುಗ್ಧಗ್ರಂಥಿಗಳಲ್ಲೇ ನಾಶವಾಗಿರುತ್ತವೆ. ಹುಟ್ಟುವುದು ನಿಂತು ಖರ್ಚು ಮಾತ್ರ ಏರಿದಾಗ ಒಂದೆರಡು ದಿನದಲ್ಲಿ ಲೆಕ್ಕ ಹೀಗೆ ಬೀಳುತ್ತದೆ.

ಲಸಿಕೆ ಪೂರ್ತಿಯಾಗದ ಎಳೆಮರಿ, ರಕ್ತಭೇದಿ, 2,100 ಬಿಳಿ ಕಣ: ಇಷ್ಟು ಕೂಡಿದರೆ ಒಂಟಿ ಗೆರೆಯ ಕಿಟ್ಟನ್ನು ಪಕ್ಕಕ್ಕಿಟ್ಟು ಪಾರ್ವೋ ಎಂದೇ ನಡೆದುಕೊಳ್ಳಬೇಕು. ಮರಿಯನ್ನು ಬೇರೆ ಕೋಣೆಗೆ ಹಾಕಿ, ಡ್ರಿಪ್ ಶುರುಮಾಡಿ, ಮಾರನೆಯ ದಿನ ಇನ್ನೊಮ್ಮೆ ಕಿಟ್ ಹಾಕಬಹುದು ಅಥವಾ ಪಿಸಿಆರ್‌ಗೆ ಕಳಿಸಬಹುದು. ನಮ್ಮ ಲೆಕ್ಕದ ಮರಿಗೆ ಮರುದಿನ ಸಂಜೆ ಹಾಕಿದ ಕಿಟ್‌ನಲ್ಲಿ ಎರಡನೆಯ ಗೆರೆ ಬಂತೆನ್ನಿ. ಅದರಿಂದ ಚಿಕಿತ್ಸೆಯಲ್ಲಿ ಒಂದು ಹನಿಯೂ ಬದಲಾಗುವುದಿಲ್ಲ.

ಬಿಳಿ ಕಣದ ಲೆಕ್ಕಕ್ಕೂ ತನ್ನ ಮಿತಿ ಇದೆ. ಕಾಯಿಲೆಯ ಮೊದಲ ದಿನ ಅದು ಮಾಮೂಲಿಯಾಗಿಯೇ ಇರಬಹುದು, ಏಕೆಂದರೆ ಕರುಳು ಹಾಳಾದಷ್ಟು ಬೇಗ ಎಲ್ಲ ಮರಿಗಳಲ್ಲೂ ರಕ್ತದ ಲೆಕ್ಕ ಬೀಳುವುದಿಲ್ಲ, ಕೆಲವದರಲ್ಲಿ ಬೀಳುವುದೇ ಇಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದ ಬೇರೆ ಗಂಭೀರ ಕಾಯಿಲೆಗಳಲ್ಲೂ ಅದು ಇಳಿಯುತ್ತದೆ. ಉಣ್ಣಿಯಿಂದ ಬರುವ ಎರ್ಲಿಕಿಯಾ ನಮ್ಮ ಕಡೆ ಸಾಮಾನ್ಯ, ಅದರಲ್ಲೂ ಬಿಳಿ ಕಣ ಕಡಿಮೆಯಾಗಬಹುದು, ಆದರೆ ಅಲ್ಲಿ ಎದ್ದು ಕಾಣುವುದು ಪ್ಲೇಟ್‌ಲೆಟ್ ಇಳಿಕೆ. ಕೊಕ್ಕೆಹುಳು ತುಂಬಿದ ಮರಿಗೂ ರಕ್ತಭೇದಿಯಾಗುತ್ತದೆ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಎರಡು ನಿಮಿಷ ಸಾಕು, ಆದರೂ ಕಿಟ್ ಬಂದ ಮೇಲೆ ಆ ಅಭ್ಯಾಸ ಕಡಿಮೆಯಾಗಿದೆ ಎಂಬುದು ನನ್ನ ತಕರಾರು. ಪಾರ್ವೋ ಮತ್ತು ಹುಳು ಎರಡೂ ಒಂದೇ ಮರಿಯಲ್ಲಿ ಇರುವುದೂ ಉಂಟು, ಅಂಥ ಮರಿಯ ಪಾಡು ಹೇಳತೀರದು.

ಹಾಗಾಗಿ ಒಂದು ದಿನದ ಅಂಕಿಗಿಂತ ಅದು ಯಾವ ಕಡೆ ಹೊರಟಿದೆ ಎಂಬುದು ಹೆಚ್ಚು ಹೇಳುತ್ತದೆ. ನಮ್ಮ ಮರಿಯದು ಎರಡನೆಯ ದಿನ 900ಕ್ಕೆ ಇಳಿಯಿತು ಎಂದುಕೊಳ್ಳಿ. ಯಜಮಾನರು ಅಂಕಿ ಕೇಳಿಯೇ ಕಣ್ಣೀರು ಹಾಕುತ್ತಾರೆ. ಸಾವಿರಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು ಎನ್ನುವುದು ನಿಜ, ಆದರೆ ಅದು ಸಾವಿನ ಚೀಟಿಯಲ್ಲ. ಮೂರನೆಯ ದಿನ 1,400. ಏರಿಕೆ ಸಣ್ಣದು, ಆದರೆ ಗಾಜಿನ ಮೇಲೆ ರಕ್ತ ಬಳಿದು ನೋಡಿದರೆ ಇನ್ನೂ ಬಲಿಯದ, ಬಾಗಿದ ಪಟ್ಟಿಯಂಥ ಬೀಜಕೇಂದ್ರವಿರುವ ಎಳೆ ನ್ಯೂಟ್ರೊಫಿಲ್‌ಗಳು ಕಾಣುತ್ತಿವೆ. ಮಜ್ಜೆ ಮತ್ತೆ ಕೆಲಸ ಶುರುಮಾಡಿ, ಸಿಕ್ಕಿದ್ದನ್ನೇ ಹೊರಗೆ ಕಳಿಸುತ್ತಿದೆ ಎಂದರ್ಥ. ನಾಲ್ಕನೆಯ ದಿನ 4,800, ಐದನೆಯ ದಿನ 11,000. ದಕ್ಷಿಣ ಆಫ್ರಿಕಾದ ಒಂಡರ್‌ಸ್ಟೆಪೂರ್ಟ್ ಪಶುವೈದ್ಯ ಆಸ್ಪತ್ರೆಯಲ್ಲಿ ಪಾರ್ವೋ ಮರಿಗಳ ಬಿಳಿ ಕಣಗಳನ್ನು ದಿನವೂ ಎಣಿಸಿದ ಅಧ್ಯಯನ 2008ರಲ್ಲಿ ಬಂತು. ದಾಖಲಾದ ಗಳಿಗೆಯ ಲೆಕ್ಕಕ್ಕಿಂತ ಮುಂದಿನ 24, 48 ಗಂಟೆಗಳ ಲೆಕ್ಕವೇ, ಅದರಲ್ಲೂ ಲಿಂಫೊಸೈಟ್‌ಗಳ ಚೇತರಿಕೆಯೇ, ಯಾವ ಮರಿ ಉಳಿಯುತ್ತದೆ ಎಂಬುದನ್ನು ಚೆನ್ನಾಗಿ ಸೂಚಿಸಿತು. ರಕ್ತಪರೀಕ್ಷೆಗೆ ಒಂದೇ ಸಲ ದುಡ್ಡು ಹಾಕುವುದಕ್ಕಿಂತ ದಿನ ಬಿಟ್ಟು ದಿನವಾದರೂ ಮಾಡಿಸುವುದು ಲೇಸು.

ಬಿಳಿ ಕಣ ಏರಿಸುವ ಇಂಜೆಕ್ಷನ್ ಇದೆಯಂತಲ್ಲ, ಅದನ್ನು ಕೊಡಿ ಎಂದು ಕೆಲವರು ಕೇಳುತ್ತಾರೆ. ಮನುಷ್ಯರಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ದುಬಾರಿ ಔಷಧ ಅದು. ಕಣಗಳು ಕಡಿಮೆಯಾದಾಗ ಮರಿಯ ಮೈ ತಾನೇ ಆ ಪ್ರಚೋದಕವನ್ನು ಧಾರಾಳವಾಗಿ ತಯಾರಿಸುತ್ತದೆ. ಕೊರತೆ ಪ್ರಚೋದನೆಯದ್ದಲ್ಲ, ಪ್ರಚೋದನೆಗೆ ಓಗೊಡಬೇಕಾದ ಮೂಲಕೋಶಗಳದ್ದು. ಅವು ಮರಳಿ ಹುಟ್ಟುವವರೆಗೆ ಮರಿಯನ್ನು ಜೀವಂತವಾಗಿ ಇಟ್ಟುಕೊಳ್ಳುವುದೇ ಚಿಕಿತ್ಸೆ. ಆ ಹಣ ಡ್ರಿಪ್‌ಗೂ ರಾತ್ರಿಯ ಆರೈಕೆಗೂ ಹೋಗಲಿ.

ವೈರಸ್ಸನ್ನು ಕೊಲ್ಲುವ ಮಾತ್ರೆ ಪಾರ್ವೋಗೆ ಇಲ್ಲ. ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರತಿಕಾಯದ ಇಂಜೆಕ್ಷನ್ ಒಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಷರತ್ತಿನ ಪರವಾನಗಿ ಸಿಕ್ಕಿದೆ. ಅದು ಸಿಗದ ಕಡೆಗಳಲ್ಲೂ ಒಳ್ಳೆಯ ಆಸ್ಪತ್ರೆಗಳು ಹತ್ತರಲ್ಲಿ ಎಂಟೊಂಬತ್ತು ಮರಿಗಳನ್ನು ಉಳಿಸಿಕೊಳ್ಳುತ್ತವೆ. ಉಳಿಸುವುದು ಯಾವುದೋ ಗುಟ್ಟಿನ ಔಷಧವಲ್ಲ, ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮ.

ಮೊದಲು ನೀರು, ಅದೂ ರಕ್ತನಾಳಕ್ಕೆ. ಚರ್ಮದಡಿ ಕೊಟ್ಟ ಸಲೈನ್ ಸಾಧಾರಣ ಬಳಲಿಕೆಗೆ ಆದೀತು, ಆದರೆ ಕೈಕಾಲು ತಣ್ಣಗಾಗಿ ನಾಡಿ ಕ್ಷೀಣಿಸಿದ ಮರಿಯಲ್ಲಿ ಚರ್ಮಕ್ಕೆ ರಕ್ತವೇ ಹರಿಯುವುದಿಲ್ಲ, ಹಾಕಿದ ನೀರು ಗುಳ್ಳೆಯಾಗಿ ಅಲ್ಲೇ ಕೂರುತ್ತದೆ. ನಮ್ಮ ಮರಿಗೆ ಮೊದಲ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕಿಲೋಗೆ 20 ಮಿಲಿಲೀಟರ್‌ನಂತೆ 100 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್. ವಸಡಿಗೆ ಬಣ್ಣ ಬಂತೇ, ನಾಡಿ ತುಂಬಿತೇ ಎಂದು ನೋಡಿ, ಬೇಕಾದರೆ ಮತ್ತೆ. ಆಮೇಲಿನ ಲೆಕ್ಕ ಸರಳ. ಶೇ 8 ನೀರು ಹೋಗಿದೆ, ಅಂದರೆ 5 ಕಿಲೋ ಮರಿಗೆ 400 ಮಿಲಿಲೀಟರ್. ನೂರು ಕೊಟ್ಟಾಗಿದೆ, ಉಳಿದದ್ದು 300. ಎಳೆಮರಿಯ ದಿನದ ಮಾಮೂಲಿ ಅಗತ್ಯ ಸುಮಾರು 450. ವಾಂತಿ-ಭೇದಿಯಲ್ಲಿ ಇನ್ನೂ ಹೋಗುವುದಕ್ಕೆ ಅಂದಾಜು 150. ಒಟ್ಟು 900, ಗಂಟೆಗೆ 38ರ ಹತ್ತಿರ. ಮಿಲಿಲೀಟರ್‌ಗೆ 60 ಹನಿ ಬೀಳುವ ಮಕ್ಕಳ ಡ್ರಿಪ್ ಸೆಟ್ ಹಾಕಿದರೆ ನಿಮಿಷಕ್ಕೆ 38 ಹನಿ. ಈ ಅಂದಾಜು ತಪ್ಪುವುದು ಕೊನೆಯ 150ರಲ್ಲಿ. ರಾತ್ರಿ ಹತ್ತು ಸಲ ಭೇದಿಯಾದರೆ ಅದು ಏನಕ್ಕೂ ಸಾಲದು. ಅದನ್ನು ಕಂಡುಹಿಡಿಯುವ ಅತಿ ಅಗ್ಗದ ಉಪಕರಣ ತಕ್ಕಡಿ: ದಿನಕ್ಕೆ ಎರಡು ಸಲ ತೂಗಿ, ತೂಕ ಇಳಿಯುತ್ತಿದ್ದರೆ ಹನಿ ಹೆಚ್ಚಿಸಬೇಕು. ಉಸಿರಾಟ ಜೋರಾಗಿ ಮೂಗಿನಿಂದ ನೀರಿಳಿದರೆ ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಬೇಕು.

ಜೊತೆಜೊತೆಗೇ ಸಕ್ಕರೆ. ಎಳೆಮರಿಯ ಪಿತ್ತಜನಕಾಂಗದಲ್ಲಿ ದಾಸ್ತಾನು ಕಡಿಮೆ, ಊಟ ಬಿಟ್ಟ ಒಂದು ದಿನಕ್ಕೇ ತೀರುತ್ತದೆ. ರಕ್ತ ಸೇರಿದ ಬ್ಯಾಕ್ಟೀರಿಯಾ ಅದನ್ನು ಇನ್ನೂ ಇಳಿಸುತ್ತದೆ. 58 ಎಂಬುದು ಕಡಿಮೆ. 25 ಪರ್ಸೆಂಟ್ ಡೆಕ್ಸ್ಟ್ರೋಸ್ 10 ಮಿಲಿಲೀಟರನ್ನು ಅಷ್ಟೇ ಸಲೈನ್ ಬೆರೆಸಿ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಮುಂದಿನ ಡ್ರಿಪ್‌ನಲ್ಲೂ ಸ್ವಲ್ಪ ಸೇರಿಸುತ್ತಾರೆ. ಭೇದಿಯಲ್ಲಿ ಪೊಟ್ಯಾಸಿಯಂ ಕೂಡ ಹೋಗಿರುತ್ತದೆ, ಕಡಿಮೆಯಾದರೆ ಮರಿ ಕತ್ತೆತ್ತಲಾರದೆ ಬಿದ್ದಿರುತ್ತದೆ. ಅದನ್ನು ನಿಧಾನದ ಡ್ರಿಪ್‌ಗೆ ಬೆರೆಸಬೇಕೇ ಹೊರತು ಜೋರಾಗಿ ಬಿಡುವ ಮೊದಲ ಬಾಟಲಿಗೆ ಎಂದಿಗೂ ಅಲ್ಲ, ಹೃದಯ ನಿಂತುಹೋದೀತು.

ಆ್ಯಂಟಿಬಯಾಟಿಕ್ ವೈರಸ್ಸಿಗಲ್ಲ. ಹರಿದ ಕರುಳಿನಿಂದ ಬ್ಯಾಕ್ಟೀರಿಯಾ ಒಳಬರುತ್ತಿದೆ, ಎದುರಿಸಬೇಕಾದ ಬಿಳಿ ಕಣ ಇಲ್ಲ. ಆ ಎರಡು ಮೂರು ದಿನಗಳಿಗೆ ಕಾವಲು ಬೇಕು, ಅದಕ್ಕಾಗಿ ಆಂಪಿಸಿಲಿನ್‌ನಂಥದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೈಗೆ ನೀರು ತುಂಬುವ ಮೊದಲೇ ಜೆಂಟಾಮೈಸಿನ್ ಚುಚ್ಚಿದರೆ ಕಿಡ್ನಿಗೆ ಪೆಟ್ಟು. ಮರೋಪಿಟಂಟ್ ಅಥವಾ ಆಂಡಾನ್ಸೆಟ್ರಾನ್ ವಾಂತಿ ಹಿಡಿಯುತ್ತವೆ. ಭೇದಿ ನಿಲ್ಲಿಸುವ ಮಾತ್ರೆ ಮಾತ್ರ ಬೇಡ. ಕರುಳನ್ನು ಕಟ್ಟಿಹಾಕಿದರೆ ಒಳಗಿನ ವಿಷ ಒಳಗೇ ಉಳಿಯುತ್ತದೆ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್ ಕೊಟ್ಟು ಕರೆತಂದವರ ಮರಿಗಳು ಇನ್ನಷ್ಟು ಕೆಟ್ಟಿರುತ್ತವೆ.

ಊಟದ ವಿಷಯದಲ್ಲಿ ಹಳೆಯ ಪಾಠ ತಲೆಕೆಳಗಾಗಿದೆ. ವಾಂತಿ ನಿಂತು ಇಡೀ ದಿನವಾಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ ಎಂದು ನಾವೆಲ್ಲ ಕಲಿತಿದ್ದೆವು. ಆದರೆ ಕರುಳಿನ ಕೋಶಗಳು ತಮ್ಮ ಆಹಾರದ ದೊಡ್ಡ ಪಾಲನ್ನು ರಕ್ತದಿಂದಲ್ಲ, ಮುಂದೆ ಹರಿದುಹೋಗುವ ಊಟದಿಂದಲೇ ಪಡೆಯುತ್ತವೆ. ಅದೇ ಒಂಡರ್‌ಸ್ಟೆಪೂರ್ಟ್‌ನಲ್ಲಿ 30 ಮರಿಗಳನ್ನು ಎರಡು ಗುಂಪು ಮಾಡಿ ನೋಡಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹದಿನೈದಕ್ಕೆ ದಾಖಲಾದ 12 ಗಂಟೆಯಿಂದಲೇ ಮೂಗಿನ ಮೂಲಕ ಅನ್ನನಾಳಕ್ಕಿಳಿಸಿದ ಸಣ್ಣ ಕೊಳವೆಯಲ್ಲಿ ಆಹಾರ, ಉಳಿದ ಹದಿನೈದಕ್ಕೆ ವಾಂತಿ ನಿಲ್ಲುವವರೆಗೆ ಉಪವಾಸ. ಬೇಗ ಉಂಡ ಮರಿಗಳು ಸುಮಾರು ಒಂದು ದಿನ ಮೊದಲೇ ಚೇತರಿಸಿಕೊಂಡವು, ತೂಕವೂ ಏರಿತು. ಆ ಗುಂಪಿನ ಹದಿನೈದೂ ಉಳಿದವು, ಇನ್ನೊಂದರಲ್ಲಿ ಹದಿಮೂರು. ಸಣ್ಣ ಅಧ್ಯಯನ, ಸಾವಿನ ಅಂಕಿಯನ್ನು ಎಳೆದು ದೊಡ್ಡದು ಮಾಡಬಾರದು, ಆದರೆ ಊಟದಿಂದ ಕೆಡುಕಾಗಲಿಲ್ಲ ಎಂಬುದು ಸ್ಪಷ್ಟ. ನಮ್ಮ ಮರಿಗೂ ಮೈ ಬೆಚ್ಚಗಾಗಿ ವಾಂತಿ ಕೊಂಚ ಹತೋಟಿಗೆ ಬಂದ ಕೂಡಲೇ ಕೊಳವೆಯಲ್ಲಿ ಎರಡು ಗಂಟೆಗೊಮ್ಮೆ 5ರಿಂದ 10 ಮಿಲಿಲೀಟರ್ ತೆಳು ಆಹಾರ. ಹೊಟ್ಟೆ ತುಂಬಿಸುವುದು ಉದ್ದೇಶವಲ್ಲ, ಕರುಳಿಗೆ ಮುಟ್ಟಿಸುವುದು. ತೇಗುತ್ತಿರುವ ಮರಿಯ ಬಾಯಿಗೆ ಸಿರಿಂಜಿನಿಂದ ಎಳನೀರು ಒತ್ತುವುದು ಬೇರೆಯೇ ಕತೆ, ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಐದು ದಿನ ಆಸ್ಪತ್ರೆಯಲ್ಲಿಡಲು ಆಗದವರು ಬಹಳ. ಅಂಥವರಿಗಾಗಿ ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ ಒಂದು ಕ್ರಮ ರೂಪಿಸಿ ಪರೀಕ್ಷಿಸಿತು. ಮೊದಲು ರಕ್ತನಾಳಕ್ಕೆ ದ್ರವ ಕೊಟ್ಟು ಮರಿಯನ್ನು ಎಬ್ಬಿಸಿ, ಆಮೇಲೆ ದಿನಕ್ಕೆ ಮೂರು ಸಲ ಚರ್ಮದಡಿ ದ್ರವ, ವಾಂತಿಗೆ ದಿನಕ್ಕೊಂದು ಇಂಜೆಕ್ಷನ್, ದೀರ್ಘಕಾಲ ಇರುವ ಒಂದು ಆ್ಯಂಟಿಬಯಾಟಿಕ್ ಇಂಜೆಕ್ಷನ್, ಬಾಯಿಗೆ ಸಕ್ಕರೆ ಪಾಕ ಮತ್ತು ಆಹಾರ. ಒಳರೋಗಿಗಳಾಗಿ ಚಿಕಿತ್ಸೆ ಪಡೆದ 20 ಮರಿಗಳಲ್ಲಿ 18 ಉಳಿದರೆ ಹೀಗೆ ನೋಡಿಕೊಂಡ 20ರಲ್ಲಿ 16 ಉಳಿದವು. ಮೊದಲ ದಿನದ ರಕ್ತನಾಳದ ಡ್ರಿಪ್ಪನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡಿದರೆ ಈ ಅಂಕಿ ಬರುವುದಿಲ್ಲ.

ಮರಿ ಮನೆಗೆ ಬಂದ ಮೇಲೂ ವಾರಕ್ಕೂ ಮಿಕ್ಕಿ ಅದರ ಮಲದಲ್ಲಿ ವೈರಸ್ಸು ಇರಬಹುದು, ಎರಡು ವಾರ ಬೇರೆ ಮರಿಗಳಿಂದ ದೂರ ಇಡುವುದು ಕ್ಷೇಮ. ಕೊಬ್ಬಿನ ಹೊದಿಕೆ ಇಲ್ಲದ ವೈರಸ್ಸಾದ್ದರಿಂದ ಫಿನಾಯಿಲ್, ಸ್ಯಾನಿಟೈಸರ್ ಇದಕ್ಕೆ ನಾಟುವುದಿಲ್ಲ. ಮಲವನ್ನು ಸೋಪುನೀರಿನಲ್ಲಿ ಪೂರ್ತಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಗಲೀಜಿನ ಮೇಲೆಯೇ ಬ್ಲೀಚ್ ಸುರಿದರೆ ಅದು ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಮಣ್ಣಿನ ಅಂಗಳದಲ್ಲಿ ಈ ಯಾವ ಉಪಾಯವೂ ನಡೆಯುವುದಿಲ್ಲ, ವೈರಸ್ಸು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮೊದಮೊದಲ ಲಸಿಕೆಗಳನ್ನು ಕೆಲಸ ಮಾಡಗೊಡುವುದಿಲ್ಲ, ಅದಕ್ಕೇ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸುವುದು. ಆ ಅಂಗಳಕ್ಕೆ ಇನ್ನೊಂದು ಮರಿ ತರುವವರು ಹದಿನಾರು ವಾರದ ಲಸಿಕೆ ಮುಗಿಸಿಕೊಂಡ ಮರಿಯನ್ನೇ ತರಬೇಕು.